ತಪ್ಪಿಗೂ ಒಂದು ನಕ್ಷೆ

ಕೆಳಗಿನ ಎಂಟು ಸಾಲುಗಳನ್ನು ನೋಡಲು ಪ್ರೋಗ್ರಾಮಿಂಗ್ ಬರಬೇಕೆಂದೇನಿಲ್ಲ. ಎಡಗಡೆಯ ಅಂಕಿಗಳನ್ನು ಮಾತ್ರ ನೆನಪಿಟ್ಟುಕೊಂಡರೆ ಸಾಕು, ಮುಂದೆ ಅವು ಪದೇ ಪದೇ ಬರುತ್ತವೆ.

```
1  do { acquire();
2       old = n;
3       if (request) {
4           release();
5           n = n + 1;
        }
6  } while (n != old);
7  release();
8  return;
```

ಇದು ವಿಂಡೋಸ್ ಡ್ರೈವರ್ ಒಂದರ ಕೋಡಿನ ತುಣುಕು. ಮೈಕ್ರೋಸಾಫ್ಟ್ ಸಂಶೋಧಕರಾದ ಥಾಮಸ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ 2001ರ ಸುಮಾರಿಗೆ ಬರೆದ ಪ್ರಬಂಧಗಳಲ್ಲಿ ಬರುವ ಉದಾಹರಣೆಯನ್ನು ಇಲ್ಲಿ ಇನ್ನಷ್ಟು ಕಿರಿದುಗೊಳಿಸಿದ್ದೇನೆ. ಪ್ರಿಂಟರು, ನೆಟ್‌ವರ್ಕ್ ಕಾರ್ಡು, ಮೌಸ್ ಮುಂತಾದ ಸಾಧನಗಳ ಜೊತೆ ವಿಂಡೋಸ್ ಮಾತಾಡಲು ಬೇಕಾದ ಸಣ್ಣ ಪ್ರೋಗ್ರಾಮೇ ಡ್ರೈವರ್. ಅದನ್ನು ಹೆಚ್ಚಾಗಿ ಬರೆಯುವವರು ಆ ಸಾಧನ ತಯಾರಿಸುವ ಬೇರೆ ಬೇರೆ ಕಂಪನಿಗಳವರು. ಆದರೆ ಅದು ಸಾಮಾನ್ಯವಾಗಿ ಓಡುವುದು ಮಾತ್ರ ವಿಂಡೋಸಿನ ಗರ್ಭಗುಡಿಯೊಳಗೆ, ಅಂದರೆ ಕರ್ನಲ್‌ನಲ್ಲಿ. ಅಲ್ಲಿ ಒಂದು ತಪ್ಪು ಹೆಜ್ಜೆ ಬಿದ್ದರೆ ಆ ಡ್ರೈವರ್ ಒಂದೇ ಸಾಯುವುದಿಲ್ಲ, ಇಡೀ ಕಂಪ್ಯೂಟರೇ ಕೆಲಸ ನಿಲ್ಲಿಸಿ ಕೂರುತ್ತದೆ. ಬೈಗುಳ ಬೀಳುವುದು ವಿಂಡೋಸಿಗೆ.

ತುಣುಕಿನ ಕೆಲಸ ಸರಳ. ಸಾಧನಕ್ಕೆ ಬಂದ ಕೋರಿಕೆಗಳ ಪಟ್ಟಿಯೊಂದಿದೆ. ಏಕಕಾಲಕ್ಕೆ ಇಬ್ಬರು ಅದಕ್ಕೆ ಕೈ ಹಾಕಬಾರದು, ಹಾಗಾಗಿ ಪಟ್ಟಿ ನೋಡುವ ಮೊದಲು ಲಾಕ್ ಹಾಕಿಕೊಳ್ಳಬೇಕು. ಅದೇ `acquire`. ಪಟ್ಟಿಯಲ್ಲಿ ಕೋರಿಕೆ ಇದ್ದರೆ ಅದನ್ನು ಎತ್ತಿಕೊಂಡು, ಲಾಕ್ ಬಿಚ್ಚಿ, ಕೆಲಸ ಮುಗಿಸಿ, ಎಷ್ಟು ಕೋರಿಕೆ ಮುಗಿಯಿತು ಎಂಬ ಲೆಕ್ಕ `n` ಅನ್ನು ಒಂದು ಹೆಚ್ಚಿಸಿ, ಮತ್ತೆ ಮೊದಲಿಗೆ ಹೋಗಬೇಕು. ಕೋರಿಕೆ ಇಲ್ಲದಿದ್ದರೆ ಲೆಕ್ಕ ಬದಲಾಗುವುದಿಲ್ಲ, ಸುತ್ತು ಮುಗಿಯುತ್ತದೆ, ಆಗ 7ನೇ ಸಾಲಿನಲ್ಲಿ ಲಾಕ್ ಬಿಚ್ಚಿ ಹೊರಗೆ ಬರಬೇಕು.

ಇದರಲ್ಲಿ ಬಳಸುವುದು ಸ್ಪಿನ್‌ಲಾಕ್ ಎಂಬ ಬಗೆಯ ಲಾಕ್. ಅದರ ಕಟ್ಟಳೆ ಎರಡು. ನೀವೇ ಹಾಕಿಕೊಂಡ ಲಾಕನ್ನು ಬಿಚ್ಚದೆ ಮತ್ತೊಮ್ಮೆ ಹಾಕಲು ಹೋಗಬಾರದು. ಹಾಕದೇ ಇರುವ ಲಾಕನ್ನು ಬಿಚ್ಚಲು ಹೋಗಬಾರದು. ಮೊದಲನೆಯದನ್ನು ಮೀರಿದರೆ ಆಗುವುದು, ಬಚ್ಚಲುಮನೆಗೆ ಒಳಗಿನಿಂದ ಚಿಲಕ ಹಾಕಿಕೊಂಡವನು ಒಳಗೆ ಯಾರೋ ಇದ್ದಾರೆಂದು ತಾನೇ ಬಾಗಿಲು ಬಡಿಯುತ್ತ ಕಾದಂತೆ. ಪ್ರೊಸೆಸರು ಇನ್ನೊಬ್ಬರು ಲಾಕ್ ಬಿಡಲಿ ಎಂದು ಸುತ್ತುತ್ತಲೇ ಇರುತ್ತದೆ, ಆ ಇನ್ನೊಬ್ಬರು ಅದೇ.

ಈಗ ಆ ಎಂಟು ಸಾಲುಗಳನ್ನು ಇನ್ನೊಮ್ಮೆ ನೋಡಿ. ಲಾಕ್ ಹಾಕುವುದು ಒಂದು ಕಡೆ, ಬಿಚ್ಚುವುದು ಎರಡು ಕಡೆ. ಒಂದು ಬಿಚ್ಚು `if` ಒಳಗಿದೆ, ಇನ್ನೊಂದು ಸುತ್ತಿನ ಹೊರಗಿದೆ. ಕಣ್ಣಿಗೆ ಇದು ತಪ್ಪಿನಂತೆಯೇ ಕಾಣುತ್ತದೆ. ತಪ್ಪೋ ಸರಿಯೋ ಎಂದು ಓಡಿಸಿ ನೋಡಬಹುದು. ಆದರೆ ಓಡಿಸಿದಷ್ಟು ಸಲ ಸರಿಯಾಗಿ ನಡೆಯಿತು ಎಂಬುದರಿಂದ ಓಡಿಸದ ದಾರಿಗಳ ಬಗ್ಗೆ ಏನೂ ತಿಳಿಯುವುದಿಲ್ಲ. ಎಲ್ಲ ದಾರಿಗಳನ್ನೂ ಒಂದೂ ಬಿಡದೆ ನೋಡಿ ಉತ್ತರ ಹೇಳುವ ವಿಧಾನಕ್ಕೆ ಮಾಡೆಲ್ ಚೆಕಿಂಗ್ ಎಂದು ಹೆಸರು. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಎಡ್ಮಂಡ್ ಕ್ಲಾರ್ಕ್ ಮತ್ತು ಅಲೆನ್ ಎಮರ್ಸನ್, ಫ್ರಾನ್ಸಿನಲ್ಲಿ ಜೋಸೆಫ್ ಸಿಫಾಕಿಸ್ ಇದಕ್ಕೆ ಅಡಿಪಾಯ ಹಾಕಿದರು. 2007ರ ಟ್ಯೂರಿಂಗ್ ಪ್ರಶಸ್ತಿ ಈ ಮೂವರಿಗೆ ಸಂದಿತು.

ಇಂಥ ತಪಾಸಣೆಗೆ ಎರಡು ನಕ್ಷೆ ಬೇಕು. ಒಂದು ತಪ್ಪಿನದು, ಇನ್ನೊಂದು ಪ್ರೋಗ್ರಾಮಿನದು. ಗಣಕ ವಿಜ್ಞಾನದವರು ಇಂಥ ನಕ್ಷೆಯನ್ನು ಆಟೊಮ್ಯಾಟನ್ ಎನ್ನುತ್ತಾರೆ. ಕೆಲವು ಸ್ಥಿತಿಗಳಿರುತ್ತವೆ, ಒಂದೊಂದು ಘಟನೆ ನಡೆದಾಗಲೂ ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಹೋಗಬೇಕೆಂಬ ಬಾಣಗಳಿರುತ್ತವೆ, ಅಷ್ಟೆ.

ತಪ್ಪಿನ ಆಟೊಮ್ಯಾಟನ್ ಮೊದಲು ಬರೆಯೋಣ. ಅದಕ್ಕೆ ಮೂರೇ ಸ್ಥಿತಿ: ತೆರೆದ, ಮುಚ್ಚಿದ, ತಪ್ಪು. ಶುರುವಾಗುವುದು ‘ತೆರೆದ’ ಸ್ಥಿತಿಯಲ್ಲಿ. ಅಲ್ಲಿ `acquire` ಕೇಳಿಸಿದರೆ ‘ಮುಚ್ಚಿದ’ಕ್ಕೆ ಹೋಗುತ್ತದೆ, ಅಲ್ಲಿ `release` ಕೇಳಿಸಿದರೆ ‘ತೆರೆದ’ಕ್ಕೆ ಮರಳುತ್ತದೆ. ‘ಮುಚ್ಚಿದ’ದಲ್ಲಿರುವಾಗ ಮತ್ತೆ `acquire` ಕೇಳಿಸಿತೋ, ‘ತೆರೆದ’ದಲ್ಲಿರುವಾಗ `release` ಕೇಳಿಸಿತೋ, ‘ತಪ್ಪು’ ಸ್ಥಿತಿಗೆ ಬಿದ್ದಂತೆ. ಅಲ್ಲಿಂದ ಹೊರಗೆ ಬಾಣವೇ ಇಲ್ಲ. ಬೇರೆ ಯಾವ ಸಾಲು ಓಡಿದರೂ ಈ ಆಟೊಮ್ಯಾಟನ್ ಇದ್ದಲ್ಲೇ ಇರುತ್ತದೆ, ಅದಕ್ಕೆ ಅವು ಕೇಳಿಸುವುದೇ ಇಲ್ಲ.

ಸರಿಯಾದ ನಡತೆಯನ್ನು ವಿವರಿಸುವುದು ಬಿಟ್ಟು ಕೆಟ್ಟ ನಡತೆಯನ್ನೇಕೆ ವಿವರಿಸಬೇಕು ಎಂದು ಕೇಳಬಹುದು. ಸರಿಯಾದುದರ ನಕ್ಷೆ ಬರೆದಿದ್ದರೆ ನಾವು ಕೇಳಬೇಕಾದ ಪ್ರಶ್ನೆ ಹೀಗಿರುತ್ತಿತ್ತು: ಪ್ರೋಗ್ರಾಮಿನ ಪ್ರತಿಯೊಂದು ನಡತೆಯೂ ಸರಿಯಾದುದರ ಗುಂಪಿನೊಳಗೆ ಬರುತ್ತದೆಯೇ? ಇದಕ್ಕೆ ಉತ್ತರಿಸಲು ಆ ಗುಂಪಿನ ಹೊರಗೆ ಏನಿದೆ ಎಂಬುದರ ನಕ್ಷೆಯನ್ನು ಹೇಗೂ ತಯಾರಿಸಲೇಬೇಕು, ಮತ್ತು ಕೆಲವು ಬಗೆಯ ಆಟೊಮ್ಯಾಟನ್‌ಗಳಲ್ಲಿ ಹೀಗೆ ತಿರುಗಿಸಿ ಬರೆಯುವಾಗ ಹತ್ತು ಸ್ಥಿತಿ ಇದ್ದದ್ದು ಸಾವಿರಕ್ಕೆ ಬೆಳೆದುಬಿಡಬಹುದು. ಕೆಟ್ಟದ್ದನ್ನೇ ಮೊದಲು ಬರೆದುಕೊಂಡರೆ ಪ್ರಶ್ನೆ ಹಗುರಾಗುತ್ತದೆ: ಪ್ರೋಗ್ರಾಮಿನ ನಡತೆಗಳಲ್ಲೂ ಇದ್ದು ಕೆಟ್ಟ ನಡತೆಗಳಲ್ಲೂ ಇರುವಂಥದ್ದು ಒಂದಾದರೂ ಇದೆಯೇ? ಇದ್ದರೆ ಹಿಡಿದು ತೋರಿಸು, ಇಲ್ಲದಿದ್ದರೆ ಪ್ರೋಗ್ರಾಮು ನಿರಪರಾಧಿ. ಇದು ಬರೀ ಹುಡುಕುವ ಕೆಲಸ. ಬೆಲ್ ಲ್ಯಾಬ್ಸ್‌ನಲ್ಲಿ ಜೆರಾರ್ಡ್ ಹೋಲ್ಜ್‌ಮನ್ ಕಟ್ಟಿದ ಸ್ಪಿನ್ ಎಂಬ ಪ್ರಸಿದ್ಧ ಸಾಧನದಲ್ಲಿ ಇಂಥ ಆಟೊಮ್ಯಾಟನ್ ಬರೆಯುವ ಭಾಗಕ್ಕೆ `never` ಎಂದೇ ಹೆಸರು: ಎಂದೆಂದೂ ಆಗಕೂಡದ್ದು.

ಆದರೆ ಎಲ್ಲ ಬಗೆಯ ಕೆಡುಕನ್ನೂ ಹೀಗೆ ಮೂರು ಸ್ಥಿತಿಯಲ್ಲಿ ಹಿಡಿಯಲಾಗುವುದಿಲ್ಲ. 1977ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಪ್ರೋಗ್ರಾಮುಗಳಿಂದ ನಾವು ಬಯಸುವುದನ್ನು ಎರಡಾಗಿ ಬೇರ್ಪಡಿಸಿದರು. ಕೆಟ್ಟದ್ದು ಆಗಕೂಡದು ಎನ್ನುವುದು ಒಂದು, ಒಳ್ಳೆಯದು ಎಂದಾದರೂ ಆಗಲೇಬೇಕು ಎನ್ನುವುದು ಇನ್ನೊಂದು. ಮೊದಲನೆಯದು ಸುರಕ್ಷತೆಯ ಗುಣ. ಅದು ಮುರಿದರೆ, ಮುರಿದ ಗಳಿಗೆಯನ್ನು ಬೆರಳಿಟ್ಟು ತೋರಿಸಬಹುದು. ಇಷ್ಟು ಹೆಜ್ಜೆ ನಡೆದು ಇಗೋ ಇಲ್ಲಿ ತಪ್ಪಾಯಿತು, ಮುಂದೆ ಏನೇ ನಡೆದರೂ ಆದದ್ದು ಅಳಿಯುವುದಿಲ್ಲ ಎಂದು ಹೇಳಬಹುದು. ‘ತಪ್ಪು’ ಸ್ಥಿತಿಯಿಂದ ಹೊರಗೆ ಬಾಣವಿಲ್ಲದಿರುವುದು ಇದೇ ಕಾರಣಕ್ಕೆ.

ಇನ್ನು ಪ್ರೋಗ್ರಾಮಿನ ಆಟೊಮ್ಯಾಟನ್. ಸದ್ಯಕ್ಕೆ ತೀರಾ ಒರಟಾಗಿ ಬರೆಯೋಣ. ಮುಂದೆ ಓಡಬೇಕಾದ ಸಾಲು ಯಾವುದು ಎಂಬುದಷ್ಟೇ ಅದರ ಸ್ಥಿತಿ, ಅಂದರೆ 1ರಿಂದ 8. `n` ಎಷ್ಟು, `old` ಎಷ್ಟು, ಪಟ್ಟಿಯಲ್ಲಿ ಕೋರಿಕೆ ಇದೆಯೋ ಇಲ್ಲವೋ ಎಂಬುದನ್ನೆಲ್ಲ ಮರೆತುಬಿಡೋಣ. 3ನೇ ಸಾಲಿನಿಂದ 4ಕ್ಕೂ ಹೋಗಬಹುದು, 6ಕ್ಕೂ ಹಾರಬಹುದು. 6ರಿಂದ 1ಕ್ಕೂ ಹಿಂದಿರುಗಬಹುದು, 7ಕ್ಕೂ ಇಳಿಯಬಹುದು. ಹೀಗೆ ಮರೆತದ್ದರಿಂದ ನಿಜವಾದ ಪ್ರೋಗ್ರಾಮಿನಲ್ಲಿ ಇಲ್ಲದ ದಾರಿಗಳೂ ನಕ್ಷೆಯಲ್ಲಿ ಸೇರಿಕೊಳ್ಳುತ್ತವೆ. ಆದರೆ ಇರುವ ದಾರಿ ಒಂದೂ ಬಿಟ್ಟುಹೋಗುವುದಿಲ್ಲ. ಹಾಗಾಗಿ ಈ ಒರಟು ನಕ್ಷೆಯಲ್ಲಿ ತಪ್ಪು ಸಿಗದಿದ್ದರೆ ಅಸಲಿ ಪ್ರೋಗ್ರಾಮಿನಲ್ಲೂ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು. ಸಿಕ್ಕರೆ ಮಾತ್ರ ಅದು ನಿಜವೋ ಹುಸಿಯೋ ಎಂದು ಮತ್ತೆ ವಿಚಾರಿಸಬೇಕು.

ಈಗ ಎರಡೂ ಆಟೊಮ್ಯಾಟನ್‌ಗಳನ್ನು ಜೋಡಿಸಿ ಒಟ್ಟಿಗೆ ನಡೆಸಬೇಕು. ಜೋಡಣೆಯ ಫಲವನ್ನು ಗುಣಲಬ್ಧ ಎನ್ನುತ್ತಾರೆ, ಯಾಕೆಂದರೆ ಸ್ಥಿತಿಗಳ ಸಂಖ್ಯೆ ಗುಣಿಸಿಕೊಳ್ಳುತ್ತದೆ. ಹೊಸ ಸ್ಥಿತಿ ಒಂದೊಂದೂ ಒಂದು ಜೋಡಿ: ಪ್ರೋಗ್ರಾಮು ಯಾವ ಸಾಲಿನಲ್ಲಿದೆ, ತಪ್ಪಿನ ಆಟೊಮ್ಯಾಟನ್ ಯಾವ ಸ್ಥಿತಿಯಲ್ಲಿದೆ. ಸಾಲು 8, ಸ್ಥಿತಿ 3, ಒಟ್ಟು 24 ಜೋಡಿ ಸಾಧ್ಯ. ಎಲ್ಲವನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕಿಲ್ಲ. ಆರಂಭದ ಜೋಡಿಯಿಂದ ಹೊರಟು, ತಲುಪಿದ ಜೋಡಿಗಳನ್ನು ಪಟ್ಟಿ ಮಾಡುತ್ತ, ಒಮ್ಮೆ ನೋಡಿದ್ದನ್ನು ಮತ್ತೆ ನೋಡದೆ ಮುಂದುವರಿದರೆ ಸಾಕು. ‘ತಪ್ಪು’ ಇರುವ ಜೋಡಿ ಎದುರಾದರೆ ನಿಲ್ಲಬೇಕು.

ಹೊರಡುವುದು (1, ತೆರೆದ) ಜೋಡಿಯಿಂದ. 1ನೇ ಸಾಲು `acquire`. ಪ್ರೋಗ್ರಾಮು 2ಕ್ಕೆ ಹೋಗುತ್ತದೆ, ಅದೇ ಹೆಜ್ಜೆಯಲ್ಲಿ ತಪ್ಪಿನ ಆಟೊಮ್ಯಾಟನ್ ‘ಮುಚ್ಚಿದ’ಕ್ಕೆ ಸರಿಯುತ್ತದೆ: (2, ಮುಚ್ಚಿದ). ಅಲ್ಲಿಂದ (3, ಮುಚ್ಚಿದ). ಇಲ್ಲಿ ದಾರಿ ಕವಲೊಡೆಯುತ್ತದೆ. ಕೋರಿಕೆ ಇಲ್ಲದ ಕವಲು ಹಿಡಿದರೆ (6, ಮುಚ್ಚಿದ). ಅಲ್ಲಿಂದ ಮೇಲಕ್ಕೆ ಹಾರಿದರೆ (1, ಮುಚ್ಚಿದ). 1ನೇ ಸಾಲಿನಲ್ಲಿ ಮತ್ತೆ `acquire` ಕಾದಿದೆ. ಮುಚ್ಚಿದ್ದನ್ನು ಮತ್ತೆ ಮುಚ್ಚುವ ಯತ್ನ: (2, ತಪ್ಪು). ಐದೇ ಹೆಜ್ಜೆಯಲ್ಲಿ ಕಳ್ಳ ಸಿಕ್ಕಿದ!

ನಿಲ್ಲದೆ ಪೂರ್ತಿ ಹುಡುಕಿದರೆ ಇನ್ನೊಂದು ತಪ್ಪೂ ಸಿಗುತ್ತದೆ. 3ರಿಂದ 4ಕ್ಕೆ ಹೋದರೆ ಅಲ್ಲಿ `release` ಆಗಿ (5, ತೆರೆದ), ನಂತರ (6, ತೆರೆದ). ಅಲ್ಲಿಂದ ಸುತ್ತು ಬಿಟ್ಟು ಕೆಳಗಿಳಿದರೆ (7, ತೆರೆದ). 7ನೇ ಸಾಲಿನಲ್ಲಿ ಇನ್ನೊಂದು `release`. ತೆರೆದದ್ದನ್ನು ತೆರೆಯುವ ಯತ್ನ: (8, ತಪ್ಪು). 24 ಜೋಡಿಗಳಲ್ಲಿ ತಲುಪಲು ಆಗುವಂಥವು 13, ಅವುಗಳಲ್ಲಿ ತಪ್ಪಿನವು ಈ ಎರಡು.

ಈ ವಿಧಾನದ ಸೊಗಸು ನನಗೆ ಕಾಣುವುದು ಇಲ್ಲಿ. ಅದು ‘ತಪ್ಪಿದೆ’ ಎಂದು ಹೇಳಿ ಸುಮ್ಮನಾಗುವುದಿಲ್ಲ, ತಪ್ಪಿನವರೆಗಿನ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಕೈಗಿಡುತ್ತದೆ. ಒಂದೊಂದು ಜೋಡಿಗೆ ಯಾವ ಜೋಡಿಯಿಂದ ಬಂದೆವು ಎಂದು ಬರೆದಿಟ್ಟುಕೊಂಡಿದ್ದರೆ ಸಾಕು, ಹಿಂದಕ್ಕೆ ಓದಿದರೆ ದಾರಿ ಸಿಗುತ್ತದೆ. ದಾರಿ ಕೈಯಲ್ಲಿರುವುದರಿಂದಲೇ ಅದು ಹುಸಿಯೇ ಎಂದು ಪರೀಕ್ಷಿಸಲೂ ಸಾಧ್ಯ.

ಮೊದಲ ದಾರಿಯನ್ನೇ ತೆಗೆದುಕೊಳ್ಳೋಣ: 1, 2, 3, 6, ಮತ್ತೆ 1. ಈಗ ನಾವು ಮರೆತಿದ್ದ ಬೆಲೆಗಳನ್ನು ನೆನಪಿಗೆ ತಂದುಕೊಂಡು ಅದೇ ದಾರಿಯಲ್ಲಿ ನಡೆಯಬೇಕು. 2ನೇ ಸಾಲಿನಲ್ಲಿ `old` ಗೆ `n` ನ ಬೆಲೆ ಬಂತು, ಎರಡೂ ಸಮ. 3ರಿಂದ ನೇರ 6ಕ್ಕೆ ಹಾರಿದ್ದರಿಂದ ಮಧ್ಯೆ ಯಾರೂ ಯಾವುದನ್ನೂ ಬದಲಿಸಿಲ್ಲ. ಆದರೆ 6ರಿಂದ 1ಕ್ಕೆ ಹಿಂದಿರುಗಬೇಕಾದರೆ `n` ಮತ್ತು `old` ಬೇರೆಬೇರೆ ಆಗಿರಬೇಕು. ಸಮವೂ ಹೌದು, ಬೇರೆಯೂ ಹೌದು ಎಂದರೆ ನಡೆಯದು. ದಾರಿ ಹುಸಿ. ಎರಡನೆಯದೂ ಹಾಗೆಯೇ. 2ನೇ ಸಾಲಿನಲ್ಲಿ ಸಮವಾದದ್ದು 5ನೇ ಸಾಲಿನಲ್ಲಿ `n` ಒಂದು ಹೆಚ್ಚಿ ಬೇರೆಯಾಯಿತು. 6ರಿಂದ ಕೆಳಗಿಳಿಯಲು ಅವು ಸಮವಿರಬೇಕು. ಅದೂ ಆಗದ ಮಾತು. 32 ಬಿಟ್‌ನ ಸಂಖ್ಯೆ ತುಂಬಿ ಸೊನ್ನೆಗೆ ಮರಳಿದರೆ ಏನಾಗುತ್ತದೆ ಎಂದು ತಕರಾರು ತೆಗೆಯುವವರಿಗೆ ಉತ್ತರ: ಆಗಲೂ ಒಂದು ಕೂಡಿಸಿದ ಸಂಖ್ಯೆ ಮೊದಲಿನದಕ್ಕೆ ಸಮವಾಗುವುದಿಲ್ಲ.

ಎರಡೂ ಎಚ್ಚರಿಕೆ ಹುಸಿಯಾದವು. ಇದರಿಂದ ಕೋಡು ಸರಿಯೆಂದು ಆಗಲಿಲ್ಲ, ನಮ್ಮ ನಕ್ಷೆ ತೀರಾ ಒರಟಾಗಿತ್ತು ಎಂದಷ್ಟೇ ತಿಳಿಯಿತು. ಆದರೆ ಹುಸಿ ದಾರಿಗಳು ಒಂದು ಉಪಕಾರ ಮಾಡಿವೆ. ಏನನ್ನು ಮರೆತದ್ದರಿಂದ ಮೋಸಹೋದೆವು ಎಂಬುದನ್ನು ಅವೇ ತೋರಿಸಿಕೊಟ್ಟಿವೆ: `n` ಮತ್ತು `old` ಸಮವೋ ಅಲ್ಲವೋ ಎಂಬ ಒಂದೇ ಒಂದು ಸಂಗತಿ. ಅವುಗಳ ಬೆಲೆ 7 ಮತ್ತು 7 ಆಗಿರಲಿ, ಏಳು ಸಾವಿರ ಮತ್ತು ಎಂಟು ಆಗಿರಲಿ, ನಮಗೆ ಬೇಕಿಲ್ಲ. 32 ಬಿಟ್‌ನ ಎರಡು ಸಂಖ್ಯೆಗಳ ಎಲ್ಲ ಜೋಡಿಗಳನ್ನು ನೆನಪಿಡಲು ಹೊರಟಿದ್ದರೆ ಸುಮಾರು 1.84 ಲಕ್ಷ ಕೋಟಿ ಕೋಟಿ ಸಾಧ್ಯತೆಗಳಾಗುತ್ತಿದ್ದವು. ಅದರ ಬದಲು ಹೌದು ಅಥವಾ ಇಲ್ಲ ಎಂಬ ಎರಡೇ.

ಈ ಸಂಗತಿಯನ್ನು ಪ್ರೋಗ್ರಾಮಿನ ಸ್ಥಿತಿಗೆ ಸೇರಿಸಿ ಮತ್ತೆ ಗುಣಲಬ್ಧ ಕಟ್ಟೋಣ. ಈಗ ಒಂದೊಂದು ಸ್ಥಿತಿಯಲ್ಲೂ ಮೂರು ಭಾಗ. ಆರಂಭದಲ್ಲಿ `n` ಮತ್ತು `old` ಹೇಗಿವೆಯೋ ಗೊತ್ತಿಲ್ಲ, ಆದ್ದರಿಂದ (1, ತೆರೆದ, ಸಮ) ಮತ್ತು (1, ತೆರೆದ, ಬೇರೆ) ಎರಡರಿಂದಲೂ ಹೊರಡಬೇಕು. ಲಾಕ್ ಹಾಕಿ 2ಕ್ಕೆ ಬಂದಾಗಲೂ ಎರಡು ಬಗೆ ಇರುತ್ತವೆ. 2ನೇ ಸಾಲು ಓಡಿತೋ, ಎರಡೂ ಒಂದೇ ಕಡೆ ಸೇರುತ್ತವೆ: (3, ಮುಚ್ಚಿದ, ಸಮ). ಕೋರಿಕೆ ಇದ್ದರೆ (4, ಮುಚ್ಚಿದ, ಸಮ), (5, ತೆರೆದ, ಸಮ), (6, ತೆರೆದ, ಬೇರೆ). ಬೇರೆಯಾಗಿರುವುದರಿಂದ ಈಗ ಮೇಲಕ್ಕೆ ಹೋಗುವುದೊಂದೇ ದಾರಿ, ಅಲ್ಲಿ ಸಿಗುವುದು (1, ತೆರೆದ, ಬೇರೆ). ಅದನ್ನು ಆಗಲೇ ನೋಡಿದ್ದೇವೆ, ಈ ಕವಲು ಮುಗಿಯಿತು. ಕೋರಿಕೆ ಇಲ್ಲದಿದ್ದರೆ (6, ಮುಚ್ಚಿದ, ಸಮ). ಸಮವಾಗಿರುವುದರಿಂದ ಕೆಳಕ್ಕೆ ಇಳಿಯುವುದೊಂದೇ ದಾರಿ: (7, ಮುಚ್ಚಿದ, ಸಮ), (8, ತೆರೆದ, ಸಮ). ಅಷ್ಟೆ, ಇನ್ನು ಹೋಗಲು ಹೊಸ ಜಾಗವಿಲ್ಲ.

ಸಾಧ್ಯವಿದ್ದ 48ರಲ್ಲಿ ತಲುಪಿದ್ದು 11. ಒಂದರಲ್ಲೂ ‘ತಪ್ಪು’ ಇಲ್ಲ. ಪಟ್ಟಿಯಲ್ಲಿ ಒಂದು ಕೋರಿಕೆ ಇರಲಿ, ಕೋಟಿ ಇರಲಿ, ಯಾವ ಹೊತ್ತಿಗೆ ಬರಲಿ, ಈ ತುಣುಕು ಲಾಕಿನ ಆ ಎರಡು ಕಟ್ಟಳೆಗಳನ್ನು ಮೀರುವುದಿಲ್ಲ. ಕೈಯಲ್ಲೇ ಮಾಡಿ ಮುಗಿಸಿದ ಈ ಹನ್ನೊಂದು ಸ್ಥಿತಿಗಳ ಪಟ್ಟಿಯೇ ಅದಕ್ಕೆ ಸಾಧನೆ, ಗಣಿತದಲ್ಲಿ ಪ್ರಮೇಯವನ್ನು ಸಾಧಿಸುತ್ತೇವಲ್ಲ ಅದೇ ಅರ್ಥದಲ್ಲಿ.

ಅದೇ ಕೋಡನ್ನು ಸ್ವಲ್ಪ ಕೆಡಿಸಿದರೆ? ಮುಂದೊಂದು ದಿನ ಯಾರೋ ಕೋಡನ್ನು ಚೊಕ್ಕಟ ಮಾಡುವ ಉತ್ಸಾಹದಲ್ಲಿ 5ನೇ ಸಾಲನ್ನು ಅಳಿಸಿದರು ಎನ್ನೋಣ. ‘ಬರೀ ಲೆಕ್ಕ ತಾನೇ, ಯಾರು ಓದುತ್ತಾರೆ’ ಎಂದು ಅನ್ನಿಸುವಂಥ ಸಾಲು ಅದು. ಈಗ 4ರಿಂದ ನೇರ (6, ತೆರೆದ, ಸಮ) ತಲುಪುತ್ತೇವೆ. ಸಮವಾದ್ದರಿಂದ (7, ತೆರೆದ, ಸಮ), ಅಲ್ಲಿಂದ `release` ಆಗಿ ‘ತಪ್ಪು’. ದಾರಿಯನ್ನು ಬೆಲೆಗಳೊಂದಿಗೆ ಮತ್ತೆ ನಡೆದು ನೋಡಿದರೆ ಈ ಬಾರಿ ಎಲ್ಲೂ ವಿರೋಧ ಹುಟ್ಟುವುದಿಲ್ಲ. ಪಟ್ಟಿಯಲ್ಲಿ ಕೋರಿಕೆ ಒಂದಿದ್ದರೆ ಸಾಕು, ತಪ್ಪು ನಡೆದೇ ನಡೆಯುತ್ತದೆ. ಇದು ಅಸಲಿ ಎಚ್ಚರಿಕೆ.

ಬಾಲ್ ಮತ್ತು ರಾಜಮಣಿ ಕಟ್ಟಿದ ಸ್ಲ್ಯಾಮ್ ಎಂಬ ಸಾಧನ ಈ ಇಡೀ ಚಕ್ರವನ್ನು ಮನುಷ್ಯರ ಕೈ ಸೋಕದೆ ತಿರುಗಿಸುತ್ತಿತ್ತು. ಒರಟು ನಕ್ಷೆ ಮಾಡುವುದು ಅದರ ಒಂದು ಭಾಗ, ಗುಣಲಬ್ಧದಲ್ಲಿ ಹುಡುಕುವುದು ಇನ್ನೊಂದು, ಸಿಕ್ಕ ದಾರಿ ಹುಸಿಯೇ ಎಂದು ನೋಡಿ ಹೊಸ ಸಂಗತಿಯನ್ನು ಹೆಕ್ಕುವುದು ಮೂರನೆಯದು. ತಪ್ಪಿನ ಆಟೊಮ್ಯಾಟನ್ ಬರೆಯಲು ಸಿ ಭಾಷೆಯಂತೆ ಕಾಣುವ ಪುಟ್ಟ ಭಾಷೆಯೊಂದಿತ್ತು. ಜೋಡಣೆಯನ್ನು ಅವರು ಮಾಡಿದ ರೀತಿ ನನಗೆ ಬಹಳ ಇಷ್ಟ. ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಡುವ ಬದಲು ತಪ್ಪಿನ ಆಟೊಮ್ಯಾಟನ್ನಿನ ಸ್ಥಿತಿಯನ್ನು ಒಂದು ವೇರಿಯೆಬಲ್ ಆಗಿ ಡ್ರೈವರಿನ ಕೋಡಿನೊಳಗೇ ಹೆಣೆದುಬಿಡುತ್ತಿದ್ದರು. `acquire` ಇದ್ದಲ್ಲೆಲ್ಲ ಆ ವೇರಿಯೆಬಲ್ ಬದಲಾಗುತ್ತದೆ, ಕಟ್ಟಳೆ ಮೀರಿದರೆ ‘ತಪ್ಪು’ ಎಂಬ ಸಾಲಿಗೆ ಹಾರುತ್ತದೆ. ಹೆಣೆದಾದ ಮೇಲೆ ಲಾಕಿನ ವಿಷಯವೇ ಮಾಯವಾಗಿ ‘ಆ ಸಾಲನ್ನು ಎಂದಾದರೂ ತಲುಪಬಹುದೇ’ ಎಂಬ ಒಂದೇ ಪ್ರಶ್ನೆ ಉಳಿಯುತ್ತದೆ. ನಾಳೆ ಬೇರೆ ಕಟ್ಟಳೆ ಬಂದರೂ ಪ್ರಶ್ನೆ ಅದೇ. ಸಾಧನವನ್ನು ಮುಟ್ಟಬೇಕಿಲ್ಲ. ಈ ಕೆಲಸವೇ ಮುಂದೆ ಸ್ಟಾಟಿಕ್ ಡ್ರೈವರ್ ವೆರಿಫೈಯರ್ ಎಂಬ ಹೆಸರಿನಲ್ಲಿ, ಕಟ್ಟಳೆಗಳ ದೊಡ್ಡ ಕಟ್ಟಿನೊಂದಿಗೆ, ಡ್ರೈವರ್ ಬರೆಯುವ ಕಂಪನಿಗಳವರ ಕೈ ಸೇರಿತು.

ಇಷ್ಟಾದರೂ ‘ತಪ್ಪು ಸಿಗಲಿಲ್ಲ’ ಎಂಬ ಉತ್ತರವನ್ನು ಹಿಗ್ಗಿ ಓದಬಾರದು. ಅದು ಹೇಳುವುದು ನೀವು ಬರೆದ ತಪ್ಪು ಸಿಗಲಿಲ್ಲ ಎಂದಷ್ಟೇ. ನಮ್ಮ ಎಂಟು ಸಾಲಿಗೆ ಯಾರಾದರೂ 3ರ ಮೊದಲು ‘ಸಾಧನ ಕಿತ್ತುಹೋಗಿದ್ದರೆ ಇಲ್ಲಿಂದಲೇ ಹೊರಡು’ ಎಂಬ ಸಾಲು ಸೇರಿಸಿದರೆ, ಪ್ರೋಗ್ರಾಮು ಲಾಕ್ ಹಾಕಿಕೊಂಡೇ (8, ಮುಚ್ಚಿದ) ಎಂಬಲ್ಲಿಗೆ ಬಂದು ಹೊರಟುಹೋಗುತ್ತದೆ. ಮುಂದೆ ಆ ಲಾಕಿಗಾಗಿ ಬಂದವರೆಲ್ಲ ಕಾಯುತ್ತ ನಿಲ್ಲುತ್ತಾರೆ. ಇದು ಘೋರ ತಪ್ಪು, ಆದರೆ ನಮ್ಮ ಮೂರು ಸ್ಥಿತಿಯ ಆಟೊಮ್ಯಾಟನ್ ಬಾಯಿ ಬಿಡುವುದಿಲ್ಲ, ಯಾಕೆಂದರೆ ಅದಕ್ಕೆ `return` ಕೇಳಿಸುವುದೇ ಇಲ್ಲ. ‘ಮುಚ್ಚಿದ’ದಲ್ಲಿರುವಾಗ `return` ಬಂದರೆ ‘ತಪ್ಪು’ ಎಂಬ ಮೂರನೆಯ ಬಾಣವನ್ನು ನಾವೇ ಎಳೆದುಕೊಡಬೇಕು.

ಇದಕ್ಕಿಂತ ಮೋಸದ ಸಂದರ್ಭ ಇನ್ನೊಂದಿದೆ. ವಿಂಡೋಸಿನಲ್ಲಿ ಸ್ಪಿನ್‌ಲಾಕ್ ಹಾಕಲು `KeAcquireSpinLock` ಇದ್ದಂತೆ `KeAcquireSpinLockAtDpcLevel` ಕೂಡ ಇದೆ, ಬಿಚ್ಚಲೂ ಅದಕ್ಕೆ ತಕ್ಕ ಬೇರೆ ಹೆಸರಿದೆ. ಕಟ್ಟಳೆ ಬರೆದವರು ಮೊದಲನೆಯದನ್ನು ಮಾತ್ರ ಹೆಸರಿಸಿ, ಡ್ರೈವರು ಉದ್ದಕ್ಕೂ ಎರಡನೆಯದನ್ನೇ ಬಳಸಿದ್ದರೆ ತಪ್ಪಿನ ಆಟೊಮ್ಯಾಟನ್ ಶುರುವಿನಿಂದ ಕೊನೆವರೆಗೆ ‘ತೆರೆದ’ದಲ್ಲೇ ಕೂತಿರುತ್ತದೆ. ಉತ್ತರ: ತಪ್ಪಿಲ್ಲ! ಇಂಥ ಪೊಳ್ಳು ಗೆಲುವನ್ನು ಪತ್ತೆಹಚ್ಚುವುದು ಕಷ್ಟವೇನಲ್ಲ. ತಲುಪಿದ ಸ್ಥಿತಿಗಳ ಪಟ್ಟಿಯಲ್ಲಿ ‘ಮುಚ್ಚಿದ’ ಎಂಬುದು ಒಮ್ಮೆಯಾದರೂ ಬಂದಿದೆಯೇ ಎಂದು ನೋಡಬೇಕು. ಅಥವಾ ನಾವು 5ನೇ ಸಾಲನ್ನು ಅಳಿಸಿದಂತೆ ಬೇಕೆಂದೇ ಕೋಡನ್ನು ಕೆಡಿಸಿ, ಎಚ್ಚರಿಕೆ ಬರುತ್ತದೆಯೇ ಎಂದು ಪರೀಕ್ಷಿಸಬೇಕು. ಬರದಿದ್ದರೆ ಮೊದಲಿನ ‘ತಪ್ಪಿಲ್ಲ’ಕ್ಕೂ ಬೆಲೆಯಿಲ್ಲ.

ಸುರಕ್ಷತೆಯ ಗುಣದ ಆಚೆಗಿನದನ್ನು ಈ ಹುಡುಕಾಟ ನೋಡುವುದೇ ಇಲ್ಲ. ಪಟ್ಟಿಗೆ ಕೋರಿಕೆಗಳು ಎಡೆಬಿಡದೆ ಬರುತ್ತಲೇ ಇದ್ದರೆ ನಮ್ಮ ತುಣುಕು ಎಂದೂ 7ನೇ ಸಾಲಿಗೆ ಬರುವುದಿಲ್ಲ. ಅದೊಂದು ತೊಂದರೆ ಇರಬಹುದು, ಆದರೆ ಇಂಥ ಹೆಜ್ಜೆಯಲ್ಲಿ ತಪ್ಪಾಯಿತು ಎಂದು ಯಾವ ಹೆಜ್ಜೆಯನ್ನೂ ತೋರಿಸಲಾಗದು, ಮುಂದಿನ ಹೆಜ್ಜೆಯಲ್ಲಿ ಮುಗಿಯಬಹುದಿತ್ತಲ್ಲ ಎನ್ನಬಹುದು. ಅಂಥದ್ದನ್ನು ಹಿಡಿಯಲು ಕೊನೆಯಿಲ್ಲದ ನಡಿಗೆಗಳನ್ನು ಓದಬಲ್ಲ ಬೇರೆ ಬಗೆಯ ಆಟೊಮ್ಯಾಟನ್ ಬೇಕು. ಅಲ್ಲಿ ಒಂದು ಸ್ಥಿತಿಯನ್ನು ತಲುಪಿದರೆ ಸಾಲದು, ಅದನ್ನು ಮತ್ತೆ ಮತ್ತೆ ಹಾದುಬರುವ ಸುತ್ತು ಇದೆಯೇ ಎಂದು ಹುಡುಕಬೇಕು. ಮೋಶೆ ವಾರ್ಡಿ ಮತ್ತು ಪಿಯೆರ್ ವೋಲ್ಪರ್ 1986ರಲ್ಲಿ ಆ ದಾರಿಯನ್ನು ತೋರಿಸಿಕೊಟ್ಟರು.

ಇನ್ನು ಗಾತ್ರದ ಪ್ರಶ್ನೆ. ಗುಣಲಬ್ಧದಲ್ಲಿ ಎಲ್ಲವೂ ಗುಣಿಸಿಕೊಳ್ಳುತ್ತದೆ ಎಂಬುದು ಎಂಟು ಸಾಲಿನಲ್ಲಿ ಮುದ್ದಾಗಿ ಕಾಣಬಹುದು. ಇದೇ ಎಂಟು ಸಾಲನ್ನು ಎಂಟು ಜನ ಏಕಕಾಲಕ್ಕೆ ಓಡಿಸುತ್ತಿದ್ದಾರೆ ಎನ್ನಿ. ಯಾರು ಯಾವ ಸಾಲಿನಲ್ಲಿದ್ದಾರೆ ಎಂಬ ಜೋಡಣೆಗಳೇ 1,67,77,216 ಆಗುತ್ತವೆ, ಲಾಕು, ಬೆಲೆಗಳು ಸೇರುವ ಮೊದಲೇ. ಸ್ಲ್ಯಾಮ್ ಈ ಗೋಜಿಗೆ ಹೋಗಲಿಲ್ಲ. ಒಂದು ಹೊತ್ತಿಗೆ ಒಂದೇ ಓಟವನ್ನು ನೋಡುತ್ತಿತ್ತು. ಆದ್ದರಿಂದ ಲಾಕನ್ನು ಕಟ್ಟಳೆ ಪ್ರಕಾರ ಹಾಕಿ ಬಿಚ್ಚುತ್ತಿದ್ದೀರಾ ಎಂದು ಅದು ಹೇಳಬಲ್ಲದು, ಆ ಲಾಕು ಪಟ್ಟಿಯನ್ನು ನಿಜಕ್ಕೂ ಕಾಯುತ್ತಿದೆಯೇ ಎಂದು ಹೇಳಲಾರದು.

ಒರಟು ನಕ್ಷೆಯನ್ನು ತಿದ್ದುತ್ತ ಹೋಗುವ ಚಕ್ರವೂ ಎಲ್ಲ ಸಲ ನಿಲ್ಲುತ್ತದೆ ಎಂದಿಲ್ಲ. ನಮ್ಮ ತುಣುಕಿಗೆ ಒಂದು ಸಂಗತಿ ಸಾಕಾಯಿತು. ಆದರೆ ಡ್ರೈವರು ಮೊದಲು ಸಾವಿರ ಸಲ ಒಂದು ಸುತ್ತು ತಿರುಗಿ, ಆಮೇಲೆ ತಪ್ಪು ಮಾಡುತ್ತದೆ ಎಂದುಕೊಳ್ಳಿ. ಮೊದಲ ಹುಸಿ ದಾರಿ ಸುತ್ತನ್ನು ತಿರುಗದೆ ತಪ್ಪಿಗೆ ಹಾರಿರುತ್ತದೆ. ಅದನ್ನು ಅಲ್ಲಗಳೆಯಲು ‘ಎಣಿಕೆ 0 ಆಗಿದೆಯೇ’ ಎಂಬ ಸಂಗತಿ ಸೇರುತ್ತದೆ. ಮುಂದಿನ ದಾರಿ ಒಂದು ಸಲ ತಿರುಗಿ ಹಾರುತ್ತದೆ, ಅದಕ್ಕೆ ‘ಎಣಿಕೆ 1 ಆಗಿದೆಯೇ’. ಹೀಗೆ ಒಂದೊಂದೇ ಸೇರುತ್ತ ಸಾವಿರದ ತನಕ ಹೋಗಬೇಕು, ಅಷ್ಟರಲ್ಲಿ ನಕ್ಷೆ ಉಬ್ಬಿ ಕಂಪ್ಯೂಟರಿನ ಮೆಮೊರಿಯೋ ಕಾಯುವವರ ತಾಳ್ಮೆಯೋ ಮುಗಿದಿರುತ್ತದೆ. ಆಗ ಸಾಧನ ಕೊಡುವ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ, ‘ಗೊತ್ತಾಗಲಿಲ್ಲ’.

ರಾಜಮಣಿ ಆಮೇಲೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾಕ್ಕೆ ಬಂದರು, ಮುಂದೆ ಅದರ ಮುಖ್ಯಸ್ಥರೂ ಆದರು. ಅಲ್ಲಿ ಆದಿತ್ಯ ನೋರಿ ಮುಂತಾದವರ ಜೊತೆ ಅವರು ಕಟ್ಟಿದ ಯೋಗಿ ಎಂಬ ಸಾಧನ ಈ ತೊಡಕಿಗೇ ಕೈ ಹಾಕಿತು, ಸ್ಟಾಟಿಕ್ ಡ್ರೈವರ್ ವೆರಿಫೈಯರ್ ಚೌಕಟ್ಟಿನೊಳಗೂ ಸೇರಿತು. ಅದರ ಉಪಾಯ, ನಕ್ಷೆಯ ಪಕ್ಕದಲ್ಲಿ ಪ್ರೋಗ್ರಾಮನ್ನು ನಿಜವಾದ ಬೆಲೆಗಳೊಂದಿಗೆ ಓಡಿಸುತ್ತಲೂ ಇರುವುದು. ಸಾವಿರ ಸುತ್ತು ಓಡುವ ಪ್ರೋಗ್ರಾಮಿಗೆ ಅದು ಕಣ್ಣೆವೆ ಮುಚ್ಚುವಷ್ಟರ ಕೆಲಸ. ಓಟ ಸುತ್ತನ್ನು ದಾಟಿದರೆ ಸುತ್ತಿನೊಳಗಿನ ಸಾವಿರ ಸಂಗತಿಗಳು ಬೇಡವಾಗುತ್ತವೆ. ಅಲ್ಲಿಂದ ಮುಂದೆ ತಪ್ಪಿಗೆ ಎಷ್ಟು ಹೆಜ್ಜೆ ಬಾಕಿ ಎಂದು ನಕ್ಷೆಯಲ್ಲಿ ನೋಡಿ, ಆ ಹೆಜ್ಜೆ ಇಡಿಸುವಂಥ ಹೊಸ ಬೆಲೆಗಳನ್ನು ಆರಿಸಿ ಮತ್ತೆ ಓಡಿಸುತ್ತದೆ. ಅಂಥ ಬೆಲೆಗಳೇ ಇಲ್ಲವೆಂದಾದರೆ ಆ ಜಾಗದಲ್ಲಿ ಮಾತ್ರ ನಕ್ಷೆಯನ್ನು ಒಂದಿಷ್ಟು ತಿದ್ದುತ್ತದೆ.